ಮೌಸ್ ಪಕ್ಕಕ್ಕಿಟ್ಟರೆ ಅರ್ಜಿ ಎಲ್ಲಿ ನಿಲ್ಲುತ್ತದೆ?

ತೊಗರಿ ಆವಕದ ದಿನಗಳಲ್ಲಿ ಹುಮನಾಬಾದಿನ ಯಾವುದಾದರೂ ಅಡತ್ ಅಂಗಡಿಗೆ ಹೋಗಿ, ಲೆಕ್ಕ ಬರೆಯುವವರ ಕೈ ನೋಡುತ್ತ ನಿಲ್ಲಿ. ಕೀಬೋರ್ಡಿನ ಪಕ್ಕದಲ್ಲಿ ಮೌಸ್ ಇರುತ್ತದೆ, ಆದರೆ ಅದರ ಮೇಲೆ ರಸೀದಿ ಪುಸ್ತಕ ಬಿದ್ದಿರುತ್ತದೆ. ಟ್ಯಾಲಿಯಲ್ಲಿ ಎಫ್9 ಒತ್ತಿದರೆ ಖರೀದಿ ವೋಚರ್ ತೆರೆಯುತ್ತದೆ. ಪಾರ್ಟಿ ಹೆಸರು, ಎಂಟರ್; ಮಾಲು, ಎಂಟರ್; ತೂಕ, ಎಂಟರ್; ದರ, ಎಂಟರ್. ಕೊನೆಗೆ ಕಂಟ್ರೋಲ್ ಹಿಡಿದು ಎ ಒತ್ತಿದರೆ ವೋಚರ್ ಸೇವ್. ಕಣ್ಣು ಚೀಟಿಯ ಮೇಲೆ, ಬೆರಳು ಕೀ ಮೇಲೆ. 1986ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಬೆಳೆದ ಈ ಕಂಪನಿಯ ತಂತ್ರಾಂಶವನ್ನು ನಮ್ಮ ಊರುಗಳ ಗುಮಾಸ್ತರು ಇಷ್ಟು ಬೇಗ ಕೈವಶ ಮಾಡಿಕೊಂಡಿದ್ದಕ್ಕೆ ಇದೂ ಒಂದು ಕಾರಣ: ಮೌಸ್ ಮುಟ್ಟದೆಯೇ ಇಡೀ ದಿನದ ಕೆಲಸ ಮುಗಿಯುತ್ತದೆ.

ಜೂನ್ ಬಂತೆಂದರೆ ಇದೇ ಕೈಗಳು ಬೇರೆ ಕೆಲಸಕ್ಕೆ ಕೂರುತ್ತವೆ. ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅದರ ಜೊತೆಗೆ 371ಜೆ ಅರ್ಹತಾ ಪತ್ರ. ಬಸವಕಲ್ಯಾಣದ ಕಂಪ್ಯೂಟರ್ ಸೆಂಟರುಗಳ ಮುಂದೆ ಝೆರಾಕ್ಸ್ ಪ್ರತಿ ಹಿಡಿದು ಸಾಲು ನಿಂತಿರುತ್ತದೆ. ಒಳಗೆ ಕೂತ ಆಪರೇಟರ್ ಟ್ಯಾಬ್ ಒತ್ತುತ್ತಾರೆ, ನಿಲ್ಲುತ್ತಾರೆ, ಮೌಸ್ ಹಿಡಿಯುತ್ತಾರೆ, ಕ್ಲಿಕ್ ಮಾಡಿ ಮತ್ತೆ ಕೀಬೋರ್ಡಿಗೆ ಬರುತ್ತಾರೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಸೀನಿಯರ್ ಪಾಸು ಮಾಡಿದ ಒಬ್ಬ ಆಪರೇಟರ್ ಹೇಳಿದ್ದು ಹೀಗೆ: "ಮೌಸ್ ಹಿಡದ್ರ ಕೆಲಸ ಅರ್ಧ ಆಗ್ತದ್ರಿ ಸರ್. ಟ್ಯಾಬ್ ಹೊಡದ್ರ ಎಲ್ಲಿ ಹೋಗ್ಯಾದೋ ತಿಳೀವಲ್ದು."

ಆಪರೇಟರಿಗೆ ಇದು ಬರೀ ಹೊತ್ತಿನ ನಷ್ಟ. ಇದೇ ಸಾಲಿನಲ್ಲಿ ಕೈ ನಡುಗುವವರು, ಲಕ್ವಾ ಹೊಡೆದು ಒಂದೇ ಕೈ ಉಳಿದವರು, ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಕೇಳಿಸಿಕೊಂಡು ಅರ್ಜಿ ತುಂಬುವವರು ಇದ್ದಾರೆ. ಅವರಿಗೆ ಮೌಸ್ ಇದ್ದೂ ಇಲ್ಲದ ಹಾಗೆ. ಟ್ಯಾಬ್ ಎಲ್ಲಿ ನಿಂತಿತೋ ಅವರ ಅರ್ಜಿಯೂ ಅಲ್ಲೇ ನಿಂತಿತು. "ಸರ್ವರ್ ಡೌನ್" ಎಂದು ನಾವು ಬೈಯುವ ಎಷ್ಟೋ ಅರ್ಜಿಗಳಲ್ಲಿ ಸರ್ವರಿನ ತಪ್ಪೇನೂ ಇರುವುದಿಲ್ಲ. ತಪ್ಪು ಪುಟ ಬರೆದವರದು, ಬಹಳ ಸಲ ಎರಡು ಮೂರು ಸಾಲಿನದು.

ಅದನ್ನು ಹತ್ತಿರದಿಂದ ನೋಡಲು ಒಂದು ನಮೂನೆ ಅರ್ಜಿ ಸಾಕು. ಇದು ಯಾವ ಇಲಾಖೆಯದೂ ಅಲ್ಲ. ಅಲ್ಲಲ್ಲಿ ಕಾಣುವ ತಪ್ಪುಗಳನ್ನು ಒಂದೇ ಪುಟಕ್ಕೆ ತಂದು ಕಟ್ಟಿದ್ದು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ, ಅದರ ಪಕ್ಕ "ಒಟಿಪಿ ಕಳಿಸಿ" ಗುಂಡಿ, ಆಮೇಲೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಪಿನ್‌ಕೋಡ್, ಫೋಟೊ, ಕೊನೆಗೆ "ಸಲ್ಲಿಸಿ". ಅರ್ಜಿದಾರರು ಹುಮನಾಬಾದ್ ತಾಲ್ಲೂಕಿನವರು ಎಂದಿಟ್ಟುಕೊಳ್ಳಿ.

ಹೋಬಳಿ ಎಲ್ಲಿ ಹೋಯಿತು?

ಟ್ಯಾಬ್ ಒತ್ತಿದಾಗ ಮುಂದಿನ ಕಾಲಂ ಯಾವುದೆಂದು ಬ್ರೌಸರಿಗೆ ಹೇಗೆ ತಿಳಿಯುತ್ತದೆ? ಪರದೆಯ ಮೇಲೆ ಪಕ್ಕದಲ್ಲಿ ಯಾವುದಿದೆ ಎಂದು ಅದು ನೋಡುವುದಿಲ್ಲ. ಪುಟದ ಎಚ್‌ಟಿಎಂಎಲ್‌ನಲ್ಲಿ ಯಾವುದರ ನಂತರ ಯಾವುದನ್ನು ಬರೆದಿದೆಯೋ ಅದೇ ಕ್ರಮ. ಬರೆದವರು ಕಾಲಂಗಳನ್ನು ತುಂಬುವ ಕ್ರಮದಲ್ಲೇ ಬರೆದಿದ್ದರೆ ಬೇರೇನೂ ಮಾಡಬೇಕಿಲ್ಲ, ಟ್ಯಾಬ್ ತಾನಾಗಿ ಸರಿಯಾಗಿ ನಡೆಯುತ್ತದೆ. ತೊಂದರೆ ಬರುವುದು ವಿನ್ಯಾಸಕಾರರು ಪುಟವನ್ನು ಎರಡು ಪಟ್ಟಿಯಾಗಿ ಸೀಳಿ, ಸಿಎಸ್‌ಎಸ್‌ನ `order` ಅಥವಾ `row-reverse` ಬಳಸಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸರಿಸಿದಾಗ. ಕಣ್ಣಿಗೆ ಜಾಗ ಬದಲಾಗುತ್ತದೆ, ಟ್ಯಾಬಿಗೆ ಬದಲಾಗುವುದಿಲ್ಲ. ಹೆಸರಿನಿಂದ ಟ್ಯಾಬ್ ಒತ್ತಿದರೆ ಬಲತುದಿಯ ಪಿನ್‌ಕೋಡ್, ಮತ್ತೆ ಒತ್ತಿದರೆ ಎಡಗಡೆಯ ತಂದೆಯ ಹೆಸರು.

ಇದನ್ನು ಕಂಡ ಯಾರೋ ಒಬ್ಬರು ಪ್ರತಿ ಕಾಲಂಗೂ `tabindex` ಎಂಬ ಗುಣ ಕೊಟ್ಟು 1, 2, 3 ಎಂದು ನಂಬರ್ ಹಾಕುತ್ತಾರೆ. ಆ ದಿನಕ್ಕೆ ಅದು ಕೆಲಸ ಮಾಡುತ್ತದೆ. ಆರು ತಿಂಗಳ ಮೇಲೆ ತಾಲ್ಲೂಕು ಮತ್ತು ಗ್ರಾಮದ ನಡುವೆ ಹೋಬಳಿ ಸೇರಿಸಬೇಕು ಎಂದು ಆದೇಶ ಬರುತ್ತದೆ. ಸೇರಿಸಿದವರು ಬೇರೆಯವರು, ನಂಬರಿನ ವಿಷಯ ಅವರಿಗೆ ಗೊತ್ತಿಲ್ಲ. ಪುಟ ಹೀಗಾಗುತ್ತದೆ:

```html
<select id="taluk" tabindex="7">…</select>
<select id="hobli">…</select>
<select id="grama" tabindex="8">…</select>
```

ಬ್ರೌಸರಿನ ನಿಯಮ ಇಷ್ಟು: ಸೊನ್ನೆಗಿಂತ ದೊಡ್ಡ ನಂಬರ್ ಇರುವವೆಲ್ಲ ಮೊದಲು, ಚಿಕ್ಕದರಿಂದ ದೊಡ್ಡದಕ್ಕೆ, ಅವೆಲ್ಲ ಮುಗಿದ ಮೇಲೆ ನಂಬರ್ ಇಲ್ಲದವು, ಬರೆದ ಕ್ರಮದಲ್ಲಿ. ಹಾಗಾಗಿ ತಾಲ್ಲೂಕಿನಿಂದ ಟ್ಯಾಬ್ ನೇರ ಗ್ರಾಮಕ್ಕೆ ಜಿಗಿಯುತ್ತದೆ. ಹೋಬಳಿ ಆರಿಸದೆ ಗ್ರಾಮದ ಪಟ್ಟಿ ತುಂಬುವುದಿಲ್ಲ, ಅದು ಖಾಲಿ. ಅರ್ಜಿದಾರರು "ನಮ್ಮ ಊರೇ ಇಲ್ಲ" ಎನ್ನುತ್ತಾರೆ. ಹೋಬಳಿ ಎಲ್ಲಿದೆ? ನಂಬರ್ ಹಾಕಿದ "ಸಲ್ಲಿಸಿ" ಗುಂಡಿಯನ್ನೂ ದಾಟಿ, ಪುಟದ ತಲೆಯಲ್ಲಿರುವ ಮುಖಪುಟ, ಸಂಪರ್ಕ, ಭಾಷೆ ಎಂಬ ಲಿಂಕುಗಳನ್ನೆಲ್ಲ ದಾಟಿದ ಮೇಲೆ ಬರುತ್ತದೆ. ಅಷ್ಟು ದೂರ ಯಾರೂ ಹೋಗುವುದಿಲ್ಲ.

ಸರಿಪಡಿಸಲು ಹೋಬಳಿಗೆ 8 ಕೊಟ್ಟು ಗ್ರಾಮವನ್ನು 9 ಮಾಡುವುದು ದಾರಿಯಲ್ಲ; ನಾಳೆ ಇನ್ನೊಂದು ಕಾಲಂ ಬಂದಾಗ ಮತ್ತೆ ಇದೇ ಗೋಳು. ಎಲ್ಲ ನಂಬರುಗಳನ್ನೂ ಅಳಿಸಿ, ಎಚ್‌ಟಿಎಂಎಲ್ ಅನ್ನೇ ತುಂಬುವ ಕ್ರಮದಲ್ಲಿ ಬರೆಯಬೇಕು. `tabindex`ಗೆ ಎರಡೇ ಬೆಲೆ ಸಾಕು. ಟ್ಯಾಬಿಗೆ ತಾನಾಗಿ ಸಿಗದ ವಸ್ತುವನ್ನು ಸಾಲಿಗೆ ಸೇರಿಸಲು `0`. ಟ್ಯಾಬಿಗೆ ಸಿಗದೆ ಪ್ರೋಗ್ರಾಂ ಮಾತ್ರ ಫೋಕಸ್ ಕಳಿಸಬಹುದಾದ ವಸ್ತುವಿಗೆ `-1`. ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಅಲ್ಲಿ ಯಾರೋ ತೇಪೆ ಹಾಕಿದ್ದಾರೆ ಎಂದೇ ಲೆಕ್ಕ.

ಈ ಕ್ರಮ ಮೊಬೈಲಿಗೂ ಲಾಗೂ ಆಗುತ್ತದೆ. ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಹಾಕಿಕೊಂಡು ಬೆರಳು ಸರಿಸುತ್ತ ಹೋಗುವವರಿಗೂ ಪುಟ ಓದಿ ಹೇಳುವುದು ಬಹುಮಟ್ಟಿಗೆ ಬರೆದ ಕ್ರಮದಲ್ಲೇ. ಕೀಬೋರ್ಡೇ ಇಲ್ಲದ ಫೋನಿನಲ್ಲಿ ಇದೆಲ್ಲ ಯಾಕೆ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ತಾಲ್ಲೂಕಿನ ಪಟ್ಟಿಯಲ್ಲೇ ಇನ್ನೊಂದು ಕೀಟಲೆ ಇದೆ. ಬೀದರ್ ಜಿಲ್ಲೆಗೆ ಈಗ ಎಂಟು ತಾಲ್ಲೂಕು. ಅಕಾರಾದಿಯಲ್ಲಿ ಔರಾದ್, ಕಮಲನಗರ, ಚಿಟಗುಪ್ಪ, ಬಸವಕಲ್ಯಾಣ, ಬೀದರ್, ಭಾಲ್ಕಿ, ಹುಮನಾಬಾದ್, ಹುಲಸೂರು. ನಮ್ಮ ಅರ್ಜಿದಾರರದು ಏಳನೆಯದು. ವಿಂಡೋಸಿನ ಕ್ರೋಮ್‌ನಲ್ಲಿ ಪಟ್ಟಿ ತೆರೆಯದೆ ಕೆಳಬಾಣ ಒತ್ತಿದರೆ ಪ್ರತಿ ಒತ್ತಿಗೂ ಒಂದೊಂದು ತಾಲ್ಲೂಕು ಆಯ್ಕೆಯಾದಂತೆ ಪುಟಕ್ಕೆ ಸುದ್ದಿ ಹೋಗುತ್ತದೆ. ಪುಟ ಬರೆದವರು "ತಾಲ್ಲೂಕು ಬದಲಾದ ಕೂಡಲೇ ಪುಟವನ್ನು ಮತ್ತೆ ತರಿಸು" ಎಂದು ಬರೆದಿದ್ದರೆ, ಮೊದಲ ಬಾಣಕ್ಕೇ ಔರಾದ್ ಆಯ್ಕೆಯಾಗಿ ಪುಟ ಮಿನುಗಿ ಹೊಸದಾಗಿ ಬರುತ್ತದೆ, ಫೋಕಸ್ ಪುಟದ ತಲೆಗೆ ಹೋಗುತ್ತದೆ. ಮತ್ತೆ ಟ್ಯಾಬ್ ಒತ್ತುತ್ತ ಕೆಳಗಿಳಿದು ಬಂದು ಎರಡನೆಯ ಬಾಣ: ಕಮಲನಗರ. ಔರಾದಿನವರ ಅರ್ಜಿ ಒಂದೇ ಒತ್ತಿಗೆ ಆಗುತ್ತದೆ, ಹುಮನಾಬಾದಿನವರು ಏಳು ಸಲ ಮೇಲೆ ಕೆಳಗೆ ಓಡಾಡಬೇಕು.

ತುಂಬುವವರಿಗೆ ಒಂದು ಒಳದಾರಿ ಇದೆ. ಆಲ್ಟ್ ಹಿಡಿದು ಕೆಳಬಾಣ ಒತ್ತಿದರೆ ಪಟ್ಟಿ ಮೊದಲು ತೆರೆದುಕೊಳ್ಳುತ್ತದೆ. ಆಗ ಬಾಣದಲ್ಲಿ ಇಳಿದು ಎಂಟರ್ ಒತ್ತಿದಾಗ ಮಾತ್ರ ಆಯ್ಕೆ ಪಕ್ಕಾ ಆಗುತ್ತದೆ. ತೆರೆದ ಆ ಪಟ್ಟಿ ಇಂಗ್ಲಿಷಿನಲ್ಲಿದ್ದರೆ ಬೇಗಬೇಗ h, u, m ಎಂದು ಟೈಪಿಸಿದರೂ ನೇರ ಹುಮನಾಬಾದ್ ಸಿಗುತ್ತದೆ. H ಒಂದನ್ನೇ ಒತ್ತಿ ಬಿಟ್ಟರೆ ಹುಲಸೂರು ಬಂದೀತು. ಪುಟ ಬರೆಯುವವರು ಮಾಡಬೇಕಾದದ್ದು ಬೇರೆ: ಪುಟವನ್ನು ಪೂರ್ತಿ ಮತ್ತೆ ತರಿಸದೆ ಹೋಬಳಿಯ ಪಟ್ಟಿಯನ್ನಷ್ಟೇ ಹಿಂಬದಿಯಲ್ಲಿ ತುಂಬಿ, ಫೋಕಸನ್ನು ತಾಲ್ಲೂಕಿನ ಮೇಲೆಯೇ ಬಿಡಬೇಕು.

ಎಂಟರ್ ಒತ್ತಿದರೆ ಒಟಿಪಿ

ಟ್ಯಾಲಿಗೆ ಪಳಗಿದ ಕೈ ವೆಬ್ ಅರ್ಜಿಯಲ್ಲಿ ಒಂದು ಗಮ್ಮತ್ತು ಮಾಡುತ್ತದೆ. ಅಭ್ಯಾಸಬಲದಿಂದ ಹೆಸರು ಬರೆದು ಎಂಟರ್ ಒತ್ತುತ್ತಾರೆ. ವೆಬ್ಬಿನಲ್ಲಿ ಎಂಟರ್ ಮುಂದಿನ ಕಾಲಂಗೆ ಒಯ್ಯುವುದಿಲ್ಲ. ಅದು ಅರ್ಜಿಯನ್ನೇ ಸಲ್ಲಿಸುವ ಕೀ. ಯಾವ ಗುಂಡಿ ಒತ್ತಿದಂತೆ? ಬರೆದ ಕ್ರಮದಲ್ಲಿ ಮೊದಲು ಬರುವ ಸಲ್ಲಿಕೆಯ ಗುಂಡಿ. ಎಚ್‌ಟಿಎಂಎಲ್‌ನಲ್ಲಿ ಅರ್ಜಿಯೊಳಗಿನ `<button>`ಗೆ ಇಂಥ ಬಗೆ ಎಂದು ಹೇಳದಿದ್ದರೆ ಅದು ಸಲ್ಲಿಕೆಯ ಗುಂಡಿ ಎಂದೇ ಲೆಕ್ಕ. ನಮ್ಮ ಅರ್ಜಿಯಲ್ಲಿ ಮೊಬೈಲ್ ಪಕ್ಕದ "ಒಟಿಪಿ ಕಳಿಸಿ" ಗುಂಡಿಯೇ ಮೊದಲು ಬರುತ್ತದೆ. ಮೊಬೈಲ್ ಬರೆದು, ಒಟಿಪಿ ತರಿಸಿ, ಹೆಸರು ತಿದ್ದಲು ಮೇಲೆ ಹೋಗಿ ಎಂಟರ್ ಒತ್ತಿದರೆ ಹೊಸ ಒಟಿಪಿ ಹೊರಡುತ್ತದೆ, ಹಳೆಯದು ರದ್ದು. ಸಾಲಿನಲ್ಲಿ ನಿಂತ ತಂದೆ ತಮ್ಮ ಫೋನಿಗೆ ಬಂದ ಮೊದಲ ಒಟಿಪಿ ಓದಿ ಹೇಳುತ್ತಿರುತ್ತಾರೆ, ಪರದೆ ತಪ್ಪು ಎನ್ನುತ್ತಿರುತ್ತದೆ. ಔಷಧ ಎರಡು ಪದ:

```html
<button type="button">ಒಟಿಪಿ ಕಳಿಸಿ</button>
<button type="submit">ಸಲ್ಲಿಸಿ</button>
```

ಇದರ ತದ್ವಿರುದ್ಧದ ತಪ್ಪೂ ಇದೆ. ಚೆಂದ ಕಾಣಲಿ ಎಂದು "ಸಲ್ಲಿಸಿ"ಯನ್ನು ಗುಂಡಿಯಾಗಿ ಬರೆಯದೆ `<div>` ಒಂದಕ್ಕೆ ಬಣ್ಣ ಬಳಿದು, ಕ್ಲಿಕ್ ಮಾಡಿದರೆ ಕೆಲಸ ಮಾಡುವಂತೆ ಬಿಡುತ್ತಾರೆ. ಮೌಸಿಗೆ ಅದು ಗುಂಡಿ. ಟ್ಯಾಬಿಗೆ ಅದು ಬರೀ ಬಣ್ಣದ ಚೌಕ, ಅಲ್ಲಿ ನಿಲ್ಲುವುದೇ ಇಲ್ಲ. ಫೋಟೊ ಹಾಕುವ ಜಾಗದಲ್ಲೂ ಇದೇ ಕಥೆ: ಬ್ರೌಸರಿನ ಸ್ವಂತ ಫೈಲ್ ಗುಂಡಿ ಒರಟು ಎಂದು ಅದನ್ನು `display:none` ಹಾಕಿ ಮುಚ್ಚಿ, ಮೇಲೆ ಬಣ್ಣದ ಲೇಬಲ್ ಇಡುತ್ತಾರೆ. ಮುಚ್ಚಿದ್ದಕ್ಕೆ ಫೋಕಸ್ ಹೋಗದು, ಲೇಬಲ್ಲಿಗೆ ಮೊದಲೇ ಹೋಗದು. ಹತ್ತು ಕಾಲಂ ತುಂಬಿ ಬಂದವರು ಫೋಟೊ ಹಾಕಲಾರದೆ ನಿಲ್ಲುತ್ತಾರೆ. ಫೈಲ್ ಗುಂಡಿಯನ್ನು `display:none`ನಿಂದ ಮುಚ್ಚುವ ಬದಲು ಪರದೆಯಲ್ಲಿ ಒಂದು ಪಿಕ್ಸೆಲ್‌ಗೆ ಕುಗ್ಗಿಸಿ ಇಟ್ಟರೆ ಕಣ್ಣಿಗೆ ಮರೆಯಾಗಿಯೂ ಟ್ಯಾಬಿಗೆ ಸಿಗುತ್ತದೆ. ಅದಕ್ಕೆ ಫೋಕಸ್ ಬಂದಾಗ ಲೇಬಲ್ಲಿನ ಸುತ್ತ ಗೆರೆ ತೋರಿಸಿದರಾಯಿತು.

ಒಳಗೆ ಹೋದರೆ ಹೊರಗೆ ಬರಲಾಗದ ಕಾಲಂ

ಎಲ್ಲಕ್ಕಿಂತ ಕೆಟ್ಟದ್ದು ಹುಟ್ಟಿದ ದಿನಾಂಕದ ಕಾಲಂ. ಇದರ ಹಿಂದಿನ ಕೋಡ್ ಹೆಚ್ಚುಕಡಿಮೆ ಹೀಗಿರುತ್ತದೆ:

```js
dob.onblur = function () {
  if (!isValid(dob.value)) {
    alert("ಸರಿಯಾದ ದಿನಾಂಕ ಹಾಕಿ");
    setTimeout(() => dob.focus(), 0);
  }
};
```

ಕಾಲಂ ಬಿಟ್ಟು ಹೊರಡುವಾಗ ದಿನಾಂಕ ಸರಿಯಿಲ್ಲದಿದ್ದರೆ ಎಚ್ಚರಿಕೆ ಕೊಟ್ಟು ಫೋಕಸನ್ನು ಮತ್ತೆ ಒಳಗೆ ಎಳೆ ಎಂದು ಇದರ ಅರ್ಥ. ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಪಕ್ಕದಲ್ಲಿ ನಿಂತ ಹುಡುಗಿಗೆ ತನ್ನ ಟಿಸಿಯಲ್ಲಿನ ದಿನಾಂಕ ನೆನಪಿಲ್ಲ, ಚೀಲದಿಂದ ತೆಗೆಯಬೇಕು. ಅಷ್ಟರಲ್ಲಿ ವಿಳಾಸ ತುಂಬೋಣ ಎಂದು ಆಪರೇಟರ್ ಟ್ಯಾಬ್ ಒತ್ತಿದರೆ ಎಚ್ಚರಿಕೆ. ಎಂಟರ್ ಒತ್ತಿ ಅದನ್ನು ಮುಚ್ಚಿದರೆ ಮತ್ತೆ ಅದೇ ಕಾಲಂ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿ ಹಿಂದಕ್ಕೆ ಹೋಗೋಣವೆಂದರೂ ಎಚ್ಚರಿಕೆ. ದಿನಾಂಕ ಗೊತ್ತಿದ್ದರೂ 14/06/2007 ಎಂದು ಬರೆದಿದ್ದೀರಿ, ಪುಟಕ್ಕೆ 14-06-2007 ಬೇಕು, ಅದನ್ನು ಎಲ್ಲೂ ಹೇಳಿಲ್ಲ. ಇಂಥ ಕಾಲಂ ಎರಡಿದ್ದರಂತೂ ಮುಗಿಯಿತು: ಒಂದರಿಂದ ಹೊರಬಿದ್ದ ಫೋಕಸ್ ಎರಡನೆಯದಕ್ಕೆ ಬೀಳುತ್ತದೆ, ಮೊದಲನೆಯದು ಎಳೆದುಕೊಳ್ಳುತ್ತದೆ, ಆಗ ಎರಡನೆಯದು ಕೂಗುತ್ತದೆ. ಎಚ್ಚರಿಕೆಯ ಮೇಲೆ ಎಚ್ಚರಿಕೆ, ಕೊನೆಗೆ ಬ್ರೌಸರ್ ಮುಚ್ಚಿ ಮೊದಲಿನಿಂದ ಶುರು.

ವೆಬ್ ಸುಲಭ್ಯತೆಯ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿ 2008ರ ಆವೃತ್ತಿಯಿಂದಲೂ ಇದನ್ನು ಅತ್ಯಂತ ಕೆಳಗಿನ, ಅಂದರೆ ಬಿಡಲೇಬಾರದ ಮಟ್ಟದ ದೋಷವೆಂದು ಹೇಳುತ್ತ ಬಂದಿದೆ. ಕೀಬೋರ್ಡಿನಿಂದ ಒಳಗೆ ಹೋದಲ್ಲಿಂದ ಕೀಬೋರ್ಡಿನಿಂದಲೇ ಹೊರಗೆ ಬರಲು ಆಗಬೇಕು. ದಿನಾಂಕ ತಪ್ಪಿದ್ದರೆ ಕಾಲಂ ಕೆಳಗೆ ಒಂದು ಸಾಲು ಬರೆದು ತೋರಿಸಿ, ಹೋಗುವವರನ್ನು ಹೋಗಲು ಬಿಡಬೇಕು. "ಸಲ್ಲಿಸಿ" ಒತ್ತಿದಾಗ ತಪ್ಪು ಉಳಿದಿದ್ದರೆ ಮೊದಲ ತಪ್ಪಿನ ಕಾಲಂಗೆ ಫೋಕಸ್ ಒಯ್ದರೆ ಸಾಕು. ತಡೆಯುವ ಜಾಗ ಅದು, ಅಲ್ಲಿಯವರೆಗೆ ತಡೆಯುವ ಅಗತ್ಯವಿಲ್ಲ.

ವಿಚಿತ್ರವೆಂದರೆ ಇದೇ ಅರ್ಜಿಯಲ್ಲಿ ಫೋಕಸನ್ನು ಕೂಡಿ ಹಾಕಲೇಬೇಕಾದ ಒಂದು ಜಾಗವಿದೆ, ಅಲ್ಲಿ ಯಾರೂ ಕೂಡಿ ಹಾಕಿರುವುದಿಲ್ಲ. ಅದು ಒಟಿಪಿ ಕೇಳುವ ಪಾಪ್‌ಅಪ್. ಪುಟವೆಲ್ಲ ಮಬ್ಬಾಗಿ ನಡುವೆ ಒಂದು ಬಿಳಿ ಪೆಟ್ಟಿಗೆ ಏಳುತ್ತದೆ. ಕಣ್ಣಿಗೆ ಪೆಟ್ಟಿಗೆ ಮುಂದಿದೆ. ಫೋಕಸ್ ಮಾತ್ರ ಹಿಂದಿನ "ಒಟಿಪಿ ಕಳಿಸಿ" ಗುಂಡಿಯ ಮೇಲೇ ಉಳಿದಿದೆ. ಟ್ಯಾಬ್ ಒತ್ತಿದರೆ ಮಬ್ಬು ಪರದೆಯ ಹಿಂದೆ ಜಿಲ್ಲೆ, ತಾಲ್ಲೂಕು ಎಂದು ಅಲೆಯುತ್ತದೆ. ಟೈಪಿಸಿದ ಅಂಕಿ ಎಲ್ಲಿಗೋ ಹೋಗುತ್ತದೆ. ಕಣ್ಣು ಕಾಣದವರಿಗೆ ಪೆಟ್ಟಿಗೆ ಬಂದದ್ದೇ ಗೊತ್ತಾಗುವುದಿಲ್ಲ, ಅಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ.

ಪೆಟ್ಟಿಗೆ ತೆರೆದ ಕೂಡಲೇ ಫೋಕಸ್ ಅದರೊಳಗಿನ ಒಟಿಪಿ ಕಾಲಂಗೆ ಹೋಗಬೇಕು. ಟ್ಯಾಬ್ ಒತ್ತುತ್ತ ಹೋದರೆ ಕಾಲಂ, "ಖಚಿತಪಡಿಸಿ", "ರದ್ದು", ಮತ್ತೆ ಕಾಲಂ ಎಂದು ಒಳಗೇ ಸುತ್ತಬೇಕು. ಎಸ್ಕೇಪ್ ಒತ್ತಿದರೆ ಪೆಟ್ಟಿಗೆ ಮುಚ್ಚಬೇಕು. ಮುಚ್ಚಿದ ಮೇಲೆ ಫೋಕಸ್ ಯಾವ ಗುಂಡಿಯಿಂದ ಹೊರಟಿತ್ತೋ ಅಲ್ಲಿಗೇ ಮರಳಬೇಕು. ಈ ಕೊನೆಯದನ್ನು ಬಲ್ಲವರೂ ಮರೆಯುತ್ತಾರೆ. ಮರೆತರೆ ಒಟಿಪಿ ಕೊಟ್ಟ ಮೇಲೆ ಅರ್ಜಿದಾರರು ಪುಟದ ತಲೆಯಿಂದ ಮತ್ತೆ ಇಳಿಯಬೇಕಾಗುತ್ತದೆ.

ಮೊದಲು ಇದನ್ನೆಲ್ಲ ಕೈಯಾರೆ ಬರೆಯಬೇಕಿತ್ತು, ಬರೆದವರು ಎಲ್ಲಾದರೂ ಎಡವುತ್ತಿದ್ದರು. ಈಗ ಬ್ರೌಸರೇ ಮಾಡಿಕೊಡುತ್ತದೆ. `<dialog>` ಎಂಬ ಟ್ಯಾಗು ಕ್ರೋಮಿಗೆ 2014ರಲ್ಲೇ ಬಂದಿತ್ತು. ಫೈರ್‌ಫಾಕ್ಸ್ ಮತ್ತು ಸಫಾರಿ 2022ರ ಮಾರ್ಚಿನಲ್ಲಿ ಅದನ್ನು ಒಪ್ಪಿಕೊಂಡವು. ಪೆಟ್ಟಿಗೆಯನ್ನು ಆ ಟ್ಯಾಗಿನಲ್ಲಿ ಬರೆದು `showModal()` ಎಂದು ತೆರೆದರೆ ಹಿಂದಿನ ಪುಟ ತಾನಾಗಿ ನಿಷ್ಕ್ರಿಯವಾಗುತ್ತದೆ, ಎಸ್ಕೇಪ್ ಕೆಲಸ ಮಾಡುತ್ತದೆ, ಮುಚ್ಚಿದಾಗ ಫೋಕಸ್ ಬಂದ ಜಾಗಕ್ಕೆ ಹೋಗುತ್ತದೆ. ಸುತ್ತುವಾಗ ಫೋಕಸ್ ಒಮ್ಮೆ ಬ್ರೌಸರಿನ ವಿಳಾಸ ಪಟ್ಟಿಗೂ ಹೋಗಿ ಬರಬಹುದು. ಅದನ್ನು ದೋಷವೆಂದು ತಿಳಿದು ತಡೆಯಬೇಡಿ, ಬ್ರೌಸರ್ ಬಳಸುವ ಹಕ್ಕನ್ನು ಯಾವ ಪುಟವೂ ಕಿತ್ತುಕೊಳ್ಳಬಾರದು. `display:block` ಕೊಟ್ಟು ತೋರಿಸುವ ಹಳೆಯ ಪೆಟ್ಟಿಗೆಗೆ ಇದ್ಯಾವುದೂ ಬರುವುದಿಲ್ಲ.

ಒಟಿಪಿಗೆ ಆರು ಪುಟ್ಟ ಚೌಕ ಇಡುವ ಶೋಕಿಯೊಂದಿದೆ. ಒಂದಂಕಿ ಬರೆದರೆ ಫೋಕಸ್ ತಾನಾಗಿ ಮುಂದಿನ ಚೌಕಕ್ಕೆ ಜಿಗಿಯುತ್ತದೆ. ಮೂರನೆಯದು ತಪ್ಪಾಯಿತೆಂದು ಹಿಂದಕ್ಕೆ ಹೋದರೆ ಕೆಲವು ಪುಟಗಳಲ್ಲಿ "ಇದು ತುಂಬಿದೆ" ಎಂದು ಮತ್ತೆ ಮುಂದಕ್ಕೆ ತಳ್ಳುತ್ತದೆ. ನನ್ನ ಕೇಳಿದರೆ ಆರು ಚೌಕದ ಅವಶ್ಯಕತೆಯೇ ಇಲ್ಲ. ಒಂದೇ ಕಾಲಂ ಇಟ್ಟು `autocomplete="one-time-code"` ಎಂದು ಬರೆದರೆ, ಆ ಸೌಲಭ್ಯವಿರುವ ಫೋನುಗಳು ಸಂದೇಶದಿಂದ ಅಂಕಿ ಎತ್ತಿ ತಾವೇ ಸೂಚಿಸುತ್ತವೆ.

ಗೆರೆ ಅಳಿಸಿದವರು ಯಾರು

ಇಷ್ಟೆಲ್ಲ ಸರಿಯಿದ್ದೂ ಆಪರೇಟರ್ ಹೇಳಿದ "ಎಲ್ಲಿ ಹೋಗ್ಯಾದೋ" ಉಳಿಯಬಹುದು. ಟ್ಯಾಬ್ ಸರಿಯಾದ ಕಾಲಂಗೇ ಹೋಗಿದೆ, ಆದರೆ ಹೋಗಿದೆಯೆಂದು ಕಾಣುತ್ತಿಲ್ಲ. ಬರೆಯುವ ಕಾಲಂನಲ್ಲಿ ಕರ್ಸರ್ ಮಿಣುಕುವುದರಿಂದ ಹೇಗೋ ತಿಳಿಯುತ್ತದೆ; ಗುಂಡಿ, ಚೆಕ್‌ಬಾಕ್ಸ್, ಲಿಂಕುಗಳಲ್ಲಿ ಯಾವ ಗುರುತೂ ಇರದು. "ರದ್ದು" ಮೇಲಿದ್ದೇವೋ "ಸಲ್ಲಿಸಿ" ಮೇಲೋ ಗೊತ್ತಿಲ್ಲದೆ ಸ್ಪೇಸ್ ಒತ್ತುವುದು ಜೂಜು.

ಎಲ್ಲ ಬ್ರೌಸರುಗಳೂ ಫೋಕಸ್ ಇದ್ದಲ್ಲಿ ತಾವಾಗಿಯೇ ಒಂದು ಗೆರೆ ಎಳೆಯುತ್ತವೆ. ಅದನ್ನು ಅಳಿಸಿದ್ದು ಮನುಷ್ಯರು. 2007ರಲ್ಲಿ ಎರಿಕ್ ಮೇಯರ್ ಎಂಬ ಅಮೆರಿಕದ ಸಿಎಸ್‌ಎಸ್ ಪರಿಣತ, ಎಲ್ಲ ಬ್ರೌಸರುಗಳ ಅವತಾರಗಳನ್ನು ಒಂದೇ ಮಟ್ಟಕ್ಕೆ ತರುವ ಪುಟ್ಟ ಸ್ಟೈಲ್ ಕಡತವೊಂದನ್ನು ಹಂಚಿದರು. ಅದರಲ್ಲಿ ಫೋಕಸ್ ಗೆರೆಯನ್ನು ಸೊನ್ನೆ ಮಾಡುವ ಸಾಲಿತ್ತು. ಅದರ ಪಕ್ಕದಲ್ಲೇ "ನಿಮ್ಮ ಗೆರೆಯನ್ನು ನೀವು ಹಾಕಿಕೊಳ್ಳಲು ಮರೆಯಬೇಡಿ" ಎಂಬರ್ಥದ ಟಿಪ್ಪಣಿಯೂ ಇತ್ತು. ಸಾವಿರಾರು ತಾಣಗಳು ಸಾಲನ್ನು ನಕಲು ಮಾಡಿದವು, ಟಿಪ್ಪಣಿಯನ್ನು ಓದಲಿಲ್ಲ. 2011ರ ಆವೃತ್ತಿಯಲ್ಲಿ ಮೇಯರ್ ಆ ಸಾಲನ್ನು ತೆಗೆದರು. ನಕಲುಗಳು ಮಾತ್ರ ಇನ್ನೂ ಓಡುತ್ತಿವೆ. ನಿಮ್ಮ ತಾಣದ ಸಿಎಸ್‌ಎಸ್‌ನಲ್ಲಿ `outline: none` ಅಥವಾ `outline: 0` ಎಂದು ಹುಡುಕಿ ನೋಡಿ, ಯಾರು ಯಾವಾಗ ಹಾಕಿದರೆಂದು ತಂಡದಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ವಿನ್ಯಾಸಕಾರರ ತಕರಾರಿನಲ್ಲೂ ಹುರುಳಿತ್ತು. ಮೌಸಿನಿಂದ ಗುಂಡಿ ಒತ್ತಿದಾಗಲೂ ಗೆರೆ ಉಳಿದು ಪುಟ ಕೆಡುತ್ತಿತ್ತು. ಈಗ ಅದಕ್ಕೆ `:focus-visible` ಇದೆ: ಕೀಬೋರ್ಡಿನಿಂದ ಬಂದಾಗ ಗೆರೆ ತೋರು, ಮೌಸಿನಿಂದ ಗುಂಡಿ ಒತ್ತಿದಾಗ ಬೇಡ ಎಂದು ಬ್ರೌಸರೇ ತೀರ್ಮಾನಿಸುತ್ತದೆ. ಸಫಾರಿಗೂ ಇದು ಬಂದು 2022ಕ್ಕೆ ಎಲ್ಲ ದೊಡ್ಡ ಬ್ರೌಸರುಗಳಲ್ಲೂ ಸಿಕ್ಕಿತು. ಹಾಗಾಗಿ ಗೆರೆ ಅಳಿಸಲು ಈಗ ನೆಪ ಉಳಿದಿಲ್ಲ.

```css
:focus-visible {
  outline: 3px solid #003366;
  outline-offset: 2px;
}
```

ಬಣ್ಣದ ಆಯ್ಕೆ ಲೆಕ್ಕದ ವಿಷಯ. ಗೆರೆಗೂ ಅದರ ಹಿನ್ನೆಲೆಗೂ ಹೊಳಪಿನ ಅನುಪಾತ ಕನಿಷ್ಠ 3:1 ಇರಬೇಕೆಂದು ಮಾನದಂಡ ಹೇಳುತ್ತದೆ. ನಮ್ಮಲ್ಲಿ ನಾಡಧ್ವಜದ ಹಳದಿಯ ಮೇಲೆ ಪ್ರೀತಿ ಹೆಚ್ಚು. ಚಿನ್ನದ ಹಳದಿ `#FFD700` ಗೆರೆಯನ್ನು ಬಿಳಿ ಪುಟದ ಮೇಲೆ ಎಳೆದರೆ ಅನುಪಾತ 1.4:1 ಮಾತ್ರ, ಮಾಸಲು ಮಾನಿಟರಿನಲ್ಲಿ ಕಾಣುವುದೇ ಇಲ್ಲ. ಮೇಲಿನ ಕಡುನೀಲಿ ಬಿಳಿಯ ಮೇಲೆ ಸುಮಾರು 12.6:1, ಅದೇ ಹಳದಿಯ ಮೇಲೆ ಸುಮಾರು 9:1. ಎರಡೂ ಕಡೆ ನಡೆಯುತ್ತದೆ. ಗುಂಡಿಯೇ ಕಡುನೀಲಿಯಾಗಿದ್ದರೆ? ಅದಕ್ಕೇ ಎರಡು ಪಿಕ್ಸೆಲ್ ಆಫ್‌ಸೆಟ್. ಗುಂಡಿಗೂ ಗೆರೆಗೂ ನಡುವೆ ಬಿಳಿ ಸಂದು ಉಳಿದು ಗೆರೆ ಬೇರೆಯಾಗಿ ಕಾಣುತ್ತದೆ. ಗೆರೆಯ ಬದಲು ನೆರಳು, ಅಂದರೆ `box-shadow`, ಬಳಸುವವರಿಗೆ ಒಂದು ಮಾತು: ವಿಂಡೋಸಿನ ಹೈ ಕಾಂಟ್ರಾಸ್ಟ್ ನೋಟದಲ್ಲಿ ನೆರಳು ಮಾಯವಾಗುತ್ತದೆ. ಮಂದದೃಷ್ಟಿಯವರು ಬಳಸುವುದು ಆ ನೋಟವನ್ನೇ.

ಗೆರೆ ಇದ್ದೂ ಮರೆಯಾಗುವ ಇನ್ನೊಂದು ಸಂದರ್ಭವಿದೆ. ಪುಟ ಸರಿಸಿದರೂ ತಲೆಯಲ್ಲೇ ಅಂಟಿಕೊಂಡಿರುವ ಲಾಂಛನ, ಮೆನು, ಸಚಿವರ ಫೋಟೊ ಇರುವ ಪಟ್ಟಿ ನೀವು ಕಂಡಿದ್ದೀರಿ. ಶಿಫ್ಟ್-ಟ್ಯಾಬ್ ಒತ್ತಿ ಮೇಲೇರುವಾಗ ಕಾಲಂ ಆ ಪಟ್ಟಿಯ ಕೆಳಗೆ ಹೂತುಹೋಗುತ್ತದೆ. ಪಟ್ಟಿ 120 ಪಿಕ್ಸೆಲ್ ಎತ್ತರವಿದ್ದರೆ `html`ಗೆ `scroll-padding-top: 130px` ಎಂದು ಕೊಟ್ಟರೆ ಬ್ರೌಸರ್ ಅಷ್ಟು ಜಾಗ ಬಿಟ್ಟು ಕಾಲಂ ತೋರಿಸುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಈ ಮುಚ್ಚುವಿಕೆಯನ್ನು ಹೊಸದಾಗಿ ದೋಷಗಳ ಪಟ್ಟಿಗೆ ಸೇರಿಸಿತು. ನಮ್ಮ ಸರ್ಕಾರಿ ತಾಣಗಳ ಮಾರ್ಗಸೂಚಿ, ಅದೇ ವರ್ಷದ ಜಿಐಜಿಡಬ್ಲ್ಯು 3.0, ಹಿಂದಿನ 2.1 ಆವೃತ್ತಿಯ ಮೇಲೆ ನಿಂತದ್ದು. ಆದ್ದರಿಂದ ಫೋಕಸ್ ಕಾಣಬೇಕೆಂಬುದು ಅದರಲ್ಲಿದೆ, ಪಟ್ಟಿಯಡಿ ಹೂತುಹೋಗಬಾರದೆಂಬುದು ಇನ್ನೂ ಬಂದಿಲ್ಲ.

ಇದು ಉಪಕಾರದ ವಿಷಯವಾಗಿ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿಯ ಸುಲಭ್ಯತೆಯ ನಿಯಮಗಳು ಬರೀ ಸಲಹೆಯಂತಿರಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳನ್ನು ಬಳಸಲಾಗುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಪರಿಗಣಿಸಿತು.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಮೌಸಿನ ವೈರ್ ಕಿತ್ತು, ಅರ್ಜಿಯನ್ನು ಟ್ಯಾಬ್, ಶಿಫ್ಟ್-ಟ್ಯಾಬ್, ಬಾಣ, ಸ್ಪೇಸ್, ಎಂಟರ್, ಎಸ್ಕೇಪ್‌ಗಳಲ್ಲೇ ಮೊದಲಿನಿಂದ ಕೊನೆಯವರೆಗೆ ತುಂಬಿ ನೋಡಿ. ಬೇಕೆಂದೇ ದಿನಾಂಕ ತಪ್ಪಾಗಿ ಹಾಕಿ, ಪಾಪ್‌ಅಪ್ ತೆರೆದು ಮುಚ್ಚಿ. ಗೆರೆ ಕಾಣದೆ ದಾರಿ ತಪ್ಪಿದರೆ ಎಫ್12 ಒತ್ತಿ ಕನ್ಸೋಲಿನಲ್ಲಿ ಈ ಸಾಲು ಹಾಕಿ:

```js
document.addEventListener('focusin', e => console.log(e.target))
```

ಪ್ರತಿ ಟ್ಯಾಬಿಗೂ ಫೋಕಸ್ ಎಲ್ಲಿ ಬಿತ್ತೆಂದು ಅದು ಬರೆಯುತ್ತ ಹೋಗುತ್ತದೆ. ಫೈರ್‌ಫಾಕ್ಸಿನಲ್ಲಾದರೆ ಸುಲಭ್ಯತೆಯ ಫಲಕದಲ್ಲಿ ಟ್ಯಾಬ್ ಕ್ರಮವನ್ನು ಪುಟದ ಮೇಲೇ 1, 2, 3 ಎಂದು ತೋರಿಸುವ ಸೌಲಭ್ಯವಿದೆ. ಹೋಬಳಿಯ ಮೇಲೆ 34 ಎಂದು ಕಂಡರೆ ಕಳ್ಳ ಸಿಕ್ಕಂತೆ. ತಾನಾಗಿ ಪರೀಕ್ಷಿಸುವ ತಂತ್ರಾಂಶಗಳು ದೊಡ್ಡ `tabindex` ಹಿಡಿದುಕೊಟ್ಟಾವು, ದಿನಾಂಕದ ಕಾಲಂನ ಸೆರೆಯನ್ನು ಸಾಮಾನ್ಯವಾಗಿ ಹಿಡಿಯವು. ಅದಕ್ಕೆ ಕೈಯೇ ಬೇಕು. ಹಣ ಕಟ್ಟುವ ಪುಟ ಬೇರೆ ಕಂಪನಿಯದಾಗಿದ್ದರೆ ಅಲ್ಲಿನ ದೋಷ ಅರ್ಜಿ ಬರೆದವರ ಕೈಯಲ್ಲಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು.

ಕಂಪ್ಯೂಟರ್ ಸೆಂಟರಿನವರಿಗೆ, ಮನೆಯಲ್ಲೇ ತುಂಬುವವರಿಗೆ ಒಂದು ವಿನಂತಿ. ಸರ್ಕಾರಿ ತಾಣಗಳಲ್ಲಿ ವೆಬ್ ಮಾಹಿತಿ ವ್ಯವಸ್ಥಾಪಕರು ಯಾರು, ಸಂಪರ್ಕ ಹೇಗೆ ಎಂದು ಹಾಕಬೇಕೆಂಬ ನಿಯಮವಿದೆ. ಪುಟದ ಅಡಿಯಲ್ಲಿ ಹುಡುಕಿ. ದೂರು ಬರೆಯುವಾಗ "ಸೈಟ್ ಸರಿಯಿಲ್ಲ" ಎನ್ನಬೇಡಿ, ಅದು ಸರ್ವರ್ ನೋಡಿಕೊಳ್ಳುವವರ ಬಳಿ ಹೋಗಿ "ಪರಿಶೀಲಿಸಲಾಗಿದೆ" ಎಂದು ಮರಳುತ್ತದೆ. "ವಿಂಡೋಸ್, ಕ್ರೋಮ್. ತಾಲ್ಲೂಕಿನ ಕಾಲಂನಲ್ಲಿ ಹುಮನಾಬಾದ್ ಆರಿಸಿ ಟ್ಯಾಬ್ ಒತ್ತಿದರೆ ಹೋಬಳಿ ಬಿಟ್ಟು ಗ್ರಾಮಕ್ಕೆ ಹೋಗುತ್ತದೆ, ಗ್ರಾಮದ ಪಟ್ಟಿ ಖಾಲಿ" ಎಂದು ಯಾವ ಕಾಲಂ, ಯಾವ ಕೀ, ಏನಾಯಿತು ಎಂಬ ಮೂರನ್ನೂ ಬರೆಯಿರಿ. ಓದಿದ ಡೆವಲಪರ್ ತಾನೂ ಅದೇ ಕೀ ಒತ್ತಿ ನೋಡಬಲ್ಲ, ನಂಬರ್ ಅಳಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.